ಗಂಟೆಗೆ ಸಾವಿರ, ಎಕರೆಗೆ ಎಷ್ಟು?

ಸ್ವಲ್ಪ ಉದ್ದದ ಬರಹ. ಟ್ರ್ಯಾಕ್ಟರ್ ಬಾಡಿಗೆ ಲೆಕ್ಕ. ಊರಲ್ಲಿ ಒಂದೆರಡು ಎಕರೆ ಇಟ್ಟುಕೊಂಡಿರೋ ಮನೆಯವರು ಪುರುಸೊತ್ತು ಮಾಡಿಕೊಂಡು ಓದಿ.

ಹೋದ ಮುಂಗಾರಲ್ಲಿ ಒಂದು ಶುಕ್ರವಾರ ಸಂಜೆ ಅತ್ತಿಗೆ ಫೋನ್ ಮಾಡಿದ್ರು. ನಾನು ಆಫೀಸಿನಲ್ಲಿ ಬಿಲ್ಲುಗಳ ರಾಶಿ ಮುಂದೆ ಕೂತಿದ್ದೆ. "ನಿಮ್ಮಣ್ಣ ಹೊಲ ಟ್ರ್ಯಾಕ್ಟರ್ ಯಜಮಾನ್ರಿಗೆ ಬಿಟ್ಟುಕೊಡ್ತಾರಂತೆ, ಬಂದು ಒಂದು ಮಾತು ಕೇಳಪ್ಪ" ಅಂದ್ರು. ಏನು ಎತ್ತ ಅಂತ ಕೇಳಿದ್ರೆ, ಎರಡು ವರ್ಷದ ಉಳುಮೆ ಬಾಕಿ 11 ಸಾವಿರ ನಿಂತಿದೆ. ಮೊನ್ನೆ ಉತ್ತಿದ್ದಕ್ಕೆ ಇನ್ನೊಂದು 4 ಸಾವಿರ. ಯಜಮಾನರು ಕೂಗಾಡಿಲ್ಲ, ಜಗಳ ಮಾಡಿಲ್ಲ. "ಈ ಸಲ ನಾನೇ ಉತ್ತು ಬಿತ್ಕೊಂತೀನಿ ಬಿಡು, ಎರಡು ಬೆಳೆ ಆದ್ಮೇಲೆ ಬಾಕಿ ಚುಕ್ತಾ" ಅಂತ ನಯವಾಗೇ ಹೇಳಿದ್ದಾರೆ. ಅಣ್ಣ ಹೂಂ ಅನ್ನೋದರಲ್ಲಿದ್ದ.

ಆ ಜಮೀನು ನಮ್ಮಪ್ಪನಿಗೆ ಸರ್ಕಾರದಿಂದ ಮಂಜೂರಾಗಿದ್ದು. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಪರಭಾರೆ ಅಂದ್ರೆ ಕ್ರಯ ಒಂದೇ ಅಲ್ಲ, ಅಡಮಾನ, ಗುತ್ತಿಗೆಯೂ ಸೇರುತ್ತೆ ಅಂತ ನಾನೇ ಎಷ್ಟೋ ಸಭೆಗಳಲ್ಲಿ ಹೇಳಿದ್ದೀನಿ. ನಮ್ಮ ಮನೆಯಲ್ಲೇ, ಒಂದು ಚೀಟಿಯೂ ಇಲ್ಲದೆ, ಬರೀ ಉಳುಮೆ ಬಾಕಿಗೆ ಹೊಲ ಕೈ ಬದಲಾಯಿಸುತ್ತೆ ಅಂತ ಅಂದುಕೊಂಡಿರಲಿಲ್ಲ.

ಭಾನುವಾರ ಬಸ್ಸು ಹತ್ತಿ ಹೋದೆ. ಹೋಗುವಾಗ ತಲೆಯಲ್ಲಿ ಇದ್ದಿದ್ದು ಒಂದೇ, ಯಜಮಾನರು ನಮ್ಮವರ ಹತ್ರ ಜಾಸ್ತಿ ರೇಟು ಹಾಕಿದ್ದಾರೆ, ಕೇಳಿಯೇ ಬಿಡೋಣ ಅಂತ. ಒಂದು ಪೋಸ್ಟಿನ ಮೊದಲ ನಾಲ್ಕು ಸಾಲೂ ಬಸ್ಸಲ್ಲೇ ಬರೆದಿಟ್ಟುಕೊಂಡಿದ್ದೆ. ಊರಿಗೆ ಹೋಗಿ ವಿಚಾರಿಸಿದ್ರೆ ಎಲ್ಲರಿಗೂ ಒಂದೇ ರೇಟು. ಕಲ್ಟಿವೇಟರ್‌ಗೆ ಗಂಟೆಗೆ 1,000 ರೂಪಾಯಿ. ಡೀಸೆಲ್, ಡ್ರೈವರ್ ಎಲ್ಲಾ ಸೇರಿ. ರಸ್ತೆ ಪಕ್ಕದ ಐದು ಎಕರೆಯವರಿಗೂ ಅದೇ, ನಮ್ಮಣ್ಣನಿಗೂ ಅದೇ. ಬರೆದಿಟ್ಟಿದ್ದ ನಾಲ್ಕು ಸಾಲು ಅಳಿಸಿದೆ.

ಆದರೂ ಬಿಡಲಿಲ್ಲ. ಐದು ಎಕರೆಯವರನ್ನ ಕೇಳಿದೆ, ನಿಮಗೆ ಎಷ್ಟು ಗಂಟೆ ಆಯ್ತು ಅಂತ. ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ, ಎರಡೂ ಸೇರಿ ಆರೂಕಾಲು ಗಂಟೆ. 6,250 ರೂಪಾಯಿ. ಎಕರೆಗೆ 1,250 ಬಿತ್ತು. ನಮ್ಮಣ್ಣನದು ಪಹಣಿಯಲ್ಲಿ 1 ಎಕರೆ 20 ಗುಂಟೆ. ಹಗ್ಗ ಹಿಡಿದು ಅಳೆದೆವು. ಬದು, ಬಂಡೆ ಬಿಟ್ಟು ಉಳುಮೆ ಆಗೋದು 56 ಗುಂಟೆ, ಅಂದ್ರೆ 1.4 ಎಕರೆ. ಅದಕ್ಕೆ ಅದೇ ಟ್ರ್ಯಾಕ್ಟರು, ಅದೇ ಕಲ್ಟಿವೇಟರು, ಅದೇ ಎರಡು ಸಲ. ನಾಲ್ಕು ಗಂಟೆ, 4,000 ರೂಪಾಯಿ. ಎಕರೆಗೆ ಲೆಕ್ಕ ಹಾಕಿ, 2,857.

ಗಂಟೆ ರೇಟು ಒಂದೇ ಇದ್ದು ಎಕರೆ ರೇಟು ಎರಡು ಪಟ್ಟಿಗಿಂತ ಜಾಸ್ತಿ. ಬಿಲ್ಲಿನಲ್ಲಿ ತಪ್ಪಿಲ್ಲ, ಆದ್ರೂ ಎಲ್ಲೋ ಹೋಗಿದೆ ದುಡ್ಡು. ಇಪ್ಪತ್ತು ವರ್ಷದಿಂದ ಬಿಲ್ಲು ತಿರುವಿ ಹಾಕೋ ಗುಮಾಸ್ತನಿಗೆ ಇದಕ್ಕಿಂತ ಇನ್ನೇನು ಬೇಕು.

ಡ್ರೈವರ್ ಹುಡುಗ ನಮ್ಮ ಕೇರಿಯವನೇ, ನನಗೆ ದೂರದ ಅಕ್ಕನ ಮಗ. ಅವನನ್ನೇ ಹೊಲಕ್ಕೆ ಕರ್ಕೊಂಡು ಹೋದೆ. ನಮ್ಮ ಹೊಲ ಗುಡ್ಡದ ಬುಡದಲ್ಲಿದೆ, ಊರಿಂದ ಎರಡು ಕಿಲೋಮೀಟರ್. ಇಳಿಜಾರು, ಅದಕ್ಕೇ ಬದು ಹಾಕಿ ಮೂರು ತಾಕು ಮಾಡಿದ್ದಾರೆ. ಒಂದೊಂದು ತಾಕು ಹೆಚ್ಚುಕಮ್ಮಿ 165 ಅಡಿ ಉದ್ದ, 123 ಅಡಿ ಅಗಲ. ಒಂಬತ್ತು ಹಲ್ಲಿನ ಕಲ್ಟಿವೇಟರ್ ಆರೂಮುಕ್ಕಾಲು ಅಡಿ ಅಗಲ ಇರುತ್ತೆ. ಸಾಲು ಸಾಲಿನ ಮೇಲೆ ಒಂದಿಷ್ಟು ಹತ್ತಬೇಕಲ್ಲ, ಇಲ್ಲಾಂದ್ರೆ ನಡುವೆ ಉಳದ ಪಟ್ಟೆ ಉಳ್ಕೊಳ್ಳುತ್ತೆ. ಹಾಗಾಗಿ ಒಂದು ಸಲಕ್ಕೆ ಸಿಗೋದು ಆರು ಅಡಿ ಅಂತ ಇಟ್ಕೊಳ್ಳಿ.

ಆ ಲೆಕ್ಕದಲ್ಲಿ ಒಂದು ತಾಕನ್ನ ಉದ್ದಕ್ಕೆ ಉಳೋಕೆ 21 ಸಲ ಹೋಗಬೇಕು. ಅಡ್ಡಕ್ಕೆ 28 ಸಲ. ಒಟ್ಟು 49. ಮೂರು ತಾಕಿಗೆ 147. ಪ್ರತಿ ಸಲ ಕೊನೆಯಲ್ಲಿ ಕಲ್ಟಿವೇಟರ್ ಎತ್ತಬೇಕು, ಬದು ತಾಕದ ಹಾಗೆ ಹಿಂದೆ ಮುಂದೆ ಮಾಡಿ ತಿರುಗಿಸಬೇಕು, ಮತ್ತೆ ಇಳಿಸಬೇಕು. ಹುಡುಗ ಮಾಡಿ ತೋರಿಸಿದ, ನಾನು ಮೊಬೈಲಲ್ಲಿ ಸಮಯ ಹಿಡಿದೆ. ಒಂದು ತಿರುವಿಗೆ 25 ಸೆಕೆಂಡು. 147 ತಿರುವಿಗೆ ಗುಣಿಸಿ ನೋಡಿ, ಒಂದು ಗಂಟೆ ಒಂದು ನಿಮಿಷ!

ಅಂದ್ರೆ ನಾಲ್ಕು ಸಾವಿರದಲ್ಲಿ ಒಂದು ಸಾವಿರ ಬರೀ ತಿರುಗೋದಕ್ಕೆ. ಆ ಒಂದು ಗಂಟೆಯಲ್ಲಿ ಒಂದು ಹೆಂಟೆ ಮಣ್ಣೂ ಒಡೆದಿಲ್ಲ.

ಈಗ ಐದು ಎಕರೆ ನೋಡಿ. ಅದು ಒಂದೇ ತಾಕು, 660 ಅಡಿ ಉದ್ದ, 330 ಅಡಿ ಅಗಲ. ಅಲ್ಲಿ ಉದ್ದಕ್ಕೆ 55, ಅಡ್ಡಕ್ಕೆ 110, ಒಟ್ಟು 165 ತಿರುವು. ನಮ್ಮ 1.4 ಎಕರೆಗೆ 147, ಅವರ 5 ಎಕರೆಗೆ 165. ನಾನು ಈ ಎರಡು ಅಂಕಿ ನೋಡಿಕೊಂಡು ಬದುವಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹುಡುಗ ಅಂದ, "ಅದ್ಕೇ ಮಾವ, ಈ ಕಡೆ ಹೊಲಕ್ಕೆ ಬರೋಕೆ ಯಾರೂ ಮುಂದಾಗಲ್ಲ. ತಿರುಗಿಸಿ ತಿರುಗಿಸಿ ಭುಜ ಬಿದ್ದೋಯ್ತದೆ."

ಉಳಿದ ಮೂರು ಗಂಟೆ ಎಲ್ಲಿ ಹೋಯ್ತು? ಹದ ಇರೋ ಮಣ್ಣಲ್ಲಿ ಗಾಡಿ ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತೆ. ನಮ್ಮ ಮೂರು ತಾಕಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಓಡೋ ದೂರ ಒಟ್ಟು ಆರು ಕಿಲೋಮೀಟರ್ ಚಿಲ್ಲರೆ. ಅದಕ್ಕೆ 84 ನಿಮಿಷ. ಮೂಲೆ ಮುಡುಕು ಉಳೋಕೆ 15 ನಿಮಿಷ, ತಾಕಿಂದ ತಾಕಿಗೆ ಇಳಿಯೋಕೆ 10. ಊರಿಂದ ಬಂದು ಹೋಗೋಕೆ ಸುಮಾರು 30 ನಿಮಿಷ, ಯಾಕಂದ್ರೆ ನಮ್ಮೂರಲ್ಲಿ ಮನೆ ಬಾಗಿಲಲ್ಲಿ ಗಾಡಿ ಸ್ಟಾರ್ಟ್ ಆದಾಗಿಂದ ಗಂಟೆ ಶುರು. ತಿರುವಿನ 61 ನಿಮಿಷವನ್ನೂ ಸೇರಿಸಿದ್ರೆ 200 ನಿಮಿಷ. ಮೂರು ಗಂಟೆ ಇಪ್ಪತ್ತು. ಬಿಲ್ಲು ನಾಲ್ಕು ಗಂಟೆಗೆ. ಇನ್ನೂ 40 ನಿಮಿಷ ಬಾಕಿ.

ಅದನ್ನ ಅಣ್ಣನೇ ಹೇಳಿದ. ಮಳೆ ಬಿದ್ದಿದ್ದು ಸೋಮವಾರ ರಾತ್ರಿ. ಬುಧವಾರ ಬೆಳಿಗ್ಗೆ ಮಣ್ಣು ಹದಕ್ಕೆ ಬಂತು. ಹಿಡಿ ಮಣ್ಣು ಅದುಮಿದ್ರೆ ಉಂಡೆ ಆಗಬೇಕು, ಮೇಲಿಂದ ಬಿಟ್ರೆ ಪುಡಿಯಾಗಬೇಕು, ಅದು ಹದ. ಗಾಡಿ ಮೊದಲು ರಸ್ತೆ ಬದಿಯ ದೊಡ್ಡ ಹೊಲಗಳಿಗೆ ಹೋಯ್ತು. ನಮ್ಮಲ್ಲಿಗೆ ಬಂದಿದ್ದು ಶುಕ್ರವಾರ ಮಧ್ಯಾಹ್ನ. ಕೆಂಪು ಮಣ್ಣು ಎರಡು ದಿನ ಬಿಸಿಲು ತಿಂದು ಬಿಗಿದುಕೊಂಡಿತ್ತು. ಹುಡುಗ ಗೇರು ಇಳಿಸಿ ಮೂರೂವರೆ ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಆ ವೇಗಕ್ಕೆ ಲೆಕ್ಕ ಹಾಕಿದ್ರೆ ಹೆಚ್ಚುವರಿ 24 ನಿಮಿಷ. ಉಳಿದ 16 ನಿಮಿಷ? ಅದು 'ರೌಂಡು'. ಮೂರು ಮುಕ್ಕಾಲು ಆದ್ರೆ ನಾಲ್ಕು ಅಂತ ಬರ್ಕೊಳ್ಳೋದು. ಅದೊಂದೇ ಅಪ್ಪಟ ಜಾಸ್ತಿ ಬಿಲ್ಲು, 267 ರೂಪಾಯಿ.

ಸರದಿಯಲ್ಲಿ ಕೊನೆ ಯಾಕೆ ಬರ್ತೀವಿ ಅನ್ನೋದಕ್ಕೆ ಜಾತಿ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಬರೀ ಜಾತಿ ಅಂತಲೂ ಹೇಳೋಕಾಗಲ್ಲ. ಗುಡ್ಡದ ಬುಡದ, ದಾರಿಯಿಲ್ಲದ, ತುಂಡು ತುಂಡು ಹೊಲ ನಮ್ಮವರ ಪಾಲಿಗೆ ಬಂದಿದ್ದೇ ಜಾತಿಯಿಂದ. ಇವತ್ತು ಆ ಹೊಲದ ಆಕಾರ ತಾನಾಗೇ ಬಿಲ್ಲು ಬರೀತಾ ಇದೆ. ಯಜಮಾನರು ಏನೂ ಮಾಡಬೇಕಾಗಿಲ್ಲ.

ಇನ್ನು ಡೀಸೆಲ್ಲು. ಇದರಲ್ಲಿ ಅಣ್ಣ ಹಿಂದೊಮ್ಮೆ ಏಟು ತಿಂದಿದ್ದಾನೆ. "ಡೀಸೆಲ್ ನಿಂದು, ಗಾಡಿ ನಂದು, ಗಂಟೆಗೆ 600 ಕೊಡು" ಅಂದಿದ್ರಂತೆ ಯಜಮಾನರು. ಅಗ್ಗ ಅಂತ ಅಣ್ಣ ಒಪ್ಪಿಕೊಂಡು ಕ್ಯಾನಲ್ಲಿ 20 ಲೀಟರ್ ತಂದು ಹಾಕಿದ. ಉಳುಮೆ ಮುಗೀತು, ಗಾಡಿ ಹೋಯ್ತು. ಟ್ಯಾಂಕಲ್ಲಿ ಎಷ್ಟು ಉಳಿದಿತ್ತು? ಯಾರೂ ಕೇಳಲಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಲೀಟರ್ ತೋರಿಸಲ್ಲ, ಅರ್ಧ ಕಾಲು ತೋರಿಸುತ್ತೆ ಅಷ್ಟೆ.

ಹಾಗಾಗಿ ಎರಡನೇ ಉಳುಮೆಗೆ ನಾವು ಅಳೆದು ನೋಡಿದೆವು. ದಾರಿ ಸುಲಭ. ಹೊರಡೋ ಮುಂಚೆ ಟ್ಯಾಂಕ್ ಕತ್ತಿನವರೆಗೆ ತುಂಬಿಸಬೇಕು, ಗಾಡಿ ಸಮನೆಲದ ಮೇಲೆ ನಿಂತಿರಬೇಕು. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಕತ್ತಿನವರೆಗೆ ತುಂಬಬೇಕು. ಎರಡನೇ ಸಲ ಹಿಡಿದಷ್ಟೇ ಖರ್ಚಾಗಿದ್ದು. 45 ಎಚ್‌ಪಿ ಗಾಡಿ, ಕಲ್ಟಿವೇಟರ್ ಕೆಲಸ, ಗಂಟೆಗೆ ಮೂರೂವರೆ ಲೀಟರ್ ಬಂತು. ಓಡುವಾಗ ಜಾಸ್ತಿ ಕುಡಿಯುತ್ತೆ, ತಿರುಗುವಾಗ, ಖಾಲಿ ಬರುವಾಗ ಕಮ್ಮಿ. ಇದು ಎರಡರ ಸರಾಸರಿ. ಇದೇ ಲೆಕ್ಕದಲ್ಲಿ ಮೊದಲ ಉಳುಮೆಯ ಮೂರು ಮುಕ್ಕಾಲು ಗಂಟೆಗೆ 13 ಲೀಟರ್. ನಮ್ಮ ಬಂಕಿನಲ್ಲಿ ಆಗ ಲೀಟರಿಗೆ 91 ರೂಪಾಯಿ, ಚಿಲ್ಲರೆ ಬಿಡಿ. 1,183 ರೂಪಾಯಿ ಆಯ್ತು. ಎಕರೆಗೆ 845. ಅಣ್ಣ ಬಾಯಿ ಬಿಟ್ಟುಕೊಂಡು ನೋಡಿದ. "ಹಂಗಾದ್ರೆ ಆವತ್ತು ನನ್ ಏಳು ಲೀಟ್ರು ಟ್ಯಾಂಕಲ್ಲೇ ಹೋಯ್ತೇನ್ಲಾ?" ಏಳು ಲೀಟರ್, 91ರ ರೇಟಲ್ಲಿ 637 ರೂಪಾಯಿ. ಅಗ್ಗದ ಗಂಟೆ ರೇಟು ಅಲ್ಲಿಗೆ ನೀರು.

ಡ್ರೈವರ್‌ಗೆ ಯಜಮಾನರು ಕೊಡೋದು ಗಂಟೆಗೆ 100. ಬಿಲ್ಲಾದ ಗಂಟೆಗೆ ಮಾತ್ರ. ಮಳೆ ಬಂದು ಗಾಡಿ ನಿಂತ್ರೆ, ಹಲ್ಲು ಮುರಿದು ವೆಲ್ಡಿಂಗ್‌ಗೆ ಕಾದ್ರೆ, ಅದಕ್ಕೆ ಏನೂ ಇಲ್ಲ. ಊಟ ಹೊಲದವರದು. ನಮ್ಮ ಉಳುಮೆಗೆ ಅವನಿಗೆ ಸಿಕ್ಕಿದ್ದು 400.

ಹಾಗಾದ್ರೆ 4,000ದಲ್ಲಿ ಡೀಸೆಲ್ 1,183, ಡ್ರೈವರ್ 400 ಹೋಗಿ ಯಜಮಾನರ ಕೈಗೆ 2,417 ಉಳೀತು. ಇಲ್ಲಿಗೆ ನಿಲ್ಲಿಸಿ 'ಅರವತ್ತು ಪರ್ಸೆಂಟ್ ಲಾಭ, ನೋಡಿ ಸುಲಿಗೆ' ಅಂತ ಬರೆದಿದ್ರೆ ನನಗೆ ಲೈಕು ಜಾಸ್ತಿ ಬರ್ತಿತ್ತು. ಆದ್ರೆ ಗಾಡಿ ಪುಕ್ಕಟೆ ಬಂದಿಲ್ಲ. ಗಾಡಿ, ಕಲ್ಟಿವೇಟರ್ ಸೇರಿ 8 ಲಕ್ಷ ಅಂತ ಅವರೇ ಹೇಳಿದ್ರು. ಹತ್ತು ವರ್ಷ ಆದ್ಮೇಲೆ 3 ಲಕ್ಷಕ್ಕೆ ಹೋಗುತ್ತೆ ಅಂತ ಇಟ್ಕೊಂಡ್ರೆ, ವರ್ಷಕ್ಕೆ 50 ಸಾವಿರ ಸವೆಯುತ್ತೆ. ಸಾಲದ ಬಡ್ಡಿ ಸರಾಸರಿ ಇನ್ನೊಂದು 55 ಸಾವಿರ. ಆಯಿಲ್ಲು, ಟೈರು, ರಿಪೇರಿ, ಇನ್ಶೂರೆನ್ಸ್ 60 ಸಾವಿರ. ಎಲ್ಲಾ ಸೇರಿ 1 ಲಕ್ಷ 65 ಸಾವಿರ. ವರ್ಷಕ್ಕೆ 600 ಗಂಟೆ ಬಾಡಿಗೆ ಓಡಿದ್ರೆ ಗಂಟೆಗೆ 275 ಆಯ್ತು, ನಮ್ಮ ನಾಲ್ಕು ಗಂಟೆಗೆ 1,100. ಬರ ಬಂದು 400 ಗಂಟೆ ಮಾತ್ರ ಓಡಿದ್ರೆ ಅದೇ ಖರ್ಚು ಗಂಟೆಗೆ 412ಕ್ಕೆ ಏರುತ್ತೆ. ಅಂತೂ ಒಳ್ಳೇ ವರ್ಷದಲ್ಲಿ ಗಂಟೆಗೆ ಮುನ್ನೂರು ಚಿಲ್ಲರೆ ಅವರಿಗೆ ಲಾಭ. ಕಮ್ಮಿ ಏನಲ್ಲ, ಓಡಿಸೋ ಹುಡುಗನ ಮೂರು ಪಟ್ಟು. ಆದ್ರೆ ನಾನು ಜಗಳ ಆಡಿ ಗಂಟೆಗೆ 100 ಇಳಿಸಿದ್ರೂ ಅಣ್ಣನಿಗೆ ಉಳಿತಿದ್ದಿದ್ದು 400. ಆ 100 ಕೊನೆಗೆ ಯಾರ ಕೂಲಿಯಲ್ಲಿ ಮುರಿದುಕೊಳ್ತಿದ್ರು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕಿತ್ಕೊಳ್ಳಬೇಕಾಗಿದ್ದು ರೇಟಿನಲ್ಲಿ ಅಲ್ಲ, ಸಮಯದಲ್ಲಿ.

ಯಜಮಾನರ ಮನೆ ಜಗಲಿಗೆ ಹೋದ್ವಿ. "ಏನಪ್ಪಾ ಆಫೀಸರ್ರು, ಲೆಕ್ಕ ತಂದಿದ್ದೀರಾ" ಅಂದ್ರು. ಹಾಳೆ ತೋರಿಸಿದೆ. ಅವರು ನೋಡಿದ್ರು, ಆಮೇಲೆ ಒಂದು ಮಾತು ಹೇಳಿದ್ರು. "ಗಂಟೆ ರಗಳೆ ಬ್ಯಾಡ, ಎಕರೆಗೆ 1,800 ಕೊಟ್ಬಿಡಿ, ಎರಡು ಸಲ ಹೊಡಿಸಿಕೊಡ್ತೀನಿ." ನನಗೆ ಕೇಳೋಕೆ ಚೆನ್ನಾಗಿತ್ತು. 1.4 ಎಕರೆಗೆ 2,520. ಅಣ್ಣ ಪಕ್ಕದಿಂದ ನನ್ನ ಪಂಚೆ ಜಗ್ಗಿದ. ಹೊರಗೆ ಬಂದ ಮೇಲೆ ಹೇಳಿದ: ಎಕರೆ ಲೆಕ್ಕ ಅಂದ್ರೆ ಗಾಡಿ ಓಡೋಗ್ತದೆ. ಕಲ್ಟಿವೇಟರ್ ಅರ್ಧ ಇಳಿಸ್ತಾರೆ, ಸಾಲು ಅಗಲ ಹಾಕ್ತಾರೆ, ಮೂಲೆ ಬಿಡ್ತಾರೆ. ಮೇಲೆ ನೋಡೋಕೆ ಎಲ್ಲಾ ಕೆಂಪಗೆ ಕಾಣ್ತದೆ. ಹದಿನೈದು ದಿನ ಆದ್ಮೇಲೆ ಉಳದ ಪಟ್ಟೇಲಿ ಗರಿಕೆ ಸಾಲು ಹಿಡಿದು ಎದ್ದಾಗ ಗೊತ್ತಾಗ್ತದೆ. ಪರೀಕ್ಷೆ ಮಾಡೋದು ಅವನಿಗೆ ಗೊತ್ತು. ಒಂದು ಕಡ್ಡಿ ತಗೊಂಡು ಗಾಡಿ ಹಿಂದೆಯೇ ನಡೀತಾ ಸಾಲಲ್ಲೂ, ಸಾಲುಗಳ ನಡುವೆಯೂ ಚುಚ್ಚಬೇಕು. ಸಡಿಲ ಮಣ್ಣು ನಾಲ್ಕೈದು ಇಂಚು ಸಿಗಬೇಕು. ನಡುವೆ ಎರಡಿಂಚಿಗೇ ಕಡ್ಡಿ ನಿಂತ್ರೆ ಸಾಲು ಅಗಲ ಬಿದ್ದಿದೆ ಅಂತ. ಆದ್ರೆ ದಿನಾ ಹಿಂದೆ ನಡೆಯೋರು ಯಾರು? ಜೊತೆಗೆ ಎಕರೆ ಅಂದಾಗ ಅವರು ಹಿಡಿಯೋದು ಪಹಣಿಯ 1 ಎಕರೆ 20 ಗುಂಟೆಯನ್ನ, ಹಗ್ಗದ 56 ಗುಂಟೆಯನ್ನ ಅಲ್ಲ. ಆ ನಾಲ್ಕು ಗುಂಟೆಗೆ ಇನ್ನೂ 180 ರೂಪಾಯಿ.

ಗಂಟೆ ಲೆಕ್ಕವೇ ಇರಲಿ ಅಂದ್ವಿ. ಎರಡು ಷರತ್ತು ಇಟ್ವಿ. ಒಂದು, ನಿಮಿಷಕ್ಕೆ ಬಿಲ್ಲು, ರೌಂಡು ಇಲ್ಲ. ಶುರು ಮತ್ತು ಮುಗಿದ ಹೊತ್ತು ಡ್ರೈವರು ಅಣ್ಣ ಇಬ್ಬರೂ ಬರ್ಕೊಳ್ಳಬೇಕು. (ಗಾಡಿಯ ಅವರ್ ಮೀಟರ್ ನಂಬಬೇಡಿ. ಹಳೇ ಮೀಟರ್ ಇಂಜಿನ್ನಿನ ವೇಗಕ್ಕೆ ತಕ್ಕಂತೆ ಓಡುತ್ತೆ, ಗಡಿಯಾರಕ್ಕೆ ತಕ್ಕಂತೆ ಅಲ್ಲ. ಅದು ಒಮ್ಮೊಮ್ಮೆ ನಮಗೇ ಲಾಭ, ಒಮ್ಮೊಮ್ಮೆ ಅವರಿಗೆ.) ಎರಡು, ನಮ್ಮ ಪಕ್ಕದಲ್ಲೇ ಇರೋ ಚಿಕ್ಕಪ್ಪನ ಇಬ್ಬರು ಮಕ್ಕಳ ಹೊಲ ಸೇರಿಸಿ ಒಂದೇ ದಿನ, ಬೆಳಿಗ್ಗೆ ಏಳಕ್ಕೆ, ಹದ ಇರುವಾಗಲೇ ಗಾಡಿ ಬರಬೇಕು. ಮೂರೂ ಹೊಲ ಸೇರಿ ನಾಲ್ಕು ಎಕರೆ ಆಗೋದ್ರಿಂದ ಯಜಮಾನರೂ ಒಪ್ಪಿದ್ರು. ದೊಡ್ಡ ಹೊಲಕ್ಕೆ ಮೊದಲ ಸರದಿ ಅನ್ನೋದು ಅವರದೇ ನಿಯಮ ತಾನೆ, ನಾವೂ ಅವತ್ತು ದೊಡ್ಡ ಹೊಲದವರಾದ್ವಿ. ಬಾಕಿಯಲ್ಲಿ 5 ಸಾವಿರ ನಾನು ಕೊಟ್ಟೆ, ಉಳಿದಿದ್ದು ರಾಗಿ ಕೊಯ್ಲಿಗೆ. ಹೊಲ ಬಿಟ್ಟುಕೊಡೋ ಮಾತು ಆ ಜಗಲಿಯಲ್ಲಿ ಮತ್ತೆ ಬರಲಿಲ್ಲ. ನಾನೂ ಎತ್ತಲಿಲ್ಲ.

ಎರಡನೇ ಉಳುಮೆಗೆ ಅಣ್ಣನ ಪಾಲಿಗೆ ಬಂದ ಸಮಯ ಮೂರು ಗಂಟೆಗೆ ಎರಡು ನಿಮಿಷ ಕಮ್ಮಿ. ತಿರುವು ಅಷ್ಟೇ ಇತ್ತು, ಅದನ್ನ ಯಾರೂ ಕಮ್ಮಿ ಮಾಡೋಕಾಗಲ್ಲ. ಬದು ಕಿತ್ತು ಹಾಕಿ ತಾಕು ಒಂದು ಮಾಡೋಣ ಅಂತ ಒಬ್ಬರು ಸಲಹೆ ಕೊಟ್ರು. ಅದನ್ನ ಮಾತ್ರ ಮಾಡಬೇಡಿ, ಒಂದು ಜೋರು ಮಳೆಗೆ ಗುಡ್ಡದ ಮಣ್ಣೆಲ್ಲ ಹಳ್ಳಕ್ಕೆ ಹೋಗುತ್ತೆ. ಉಳಿದಿದ್ದು ಮೂರೇ ಕಡೆ. ಹದದ ಮಣ್ಣಲ್ಲಿ 24 ನಿಮಿಷ, ಬಂದು ಹೋಗೋ ದಾರಿ ಮೂರು ಮನೆಗೆ ಹಂಚಿ ಸುಮಾರು 20, ರೌಂಡು ಹೋಗಿ 16. ಬಿಲ್ಲು 2,970. ಎಕರೆಗೆ 2,120. ಇನ್ನೂ ಐದು ಎಕರೆಯವರ 1,250ರ ಹತ್ತಿರಕ್ಕೂ ಹೋಗಿಲ್ಲ, ಆದ್ರೆ ಒಂದು ಉಳುಮೆಗೆ ಸಾವಿರ ರೂಪಾಯಿ ಉಳೀತು. ವರ್ಷಕ್ಕೆ ಮೂರು ಸಲ ಗಾಡಿ ಬರೋ ಮನೆ ಅದು.

ಸಂಜೆ ಮನೆ ಮುಂದೆ ಕೂತು ಇದನ್ನ ಎಲ್ಲರಿಗೂ ಖುಷಿಯಾಗಿ ವಿವರಿಸ್ತಾ ಇದ್ದೆ. ಹುಡುಗ ಕೈಕಾಲು ತೊಳ್ಕೊಂಡು ಬಂದು ಮುದ್ದೆ ಮುಂದೆ ಕೂತ. ಪೂರ್ತಿ ಕೇಳಿಸ್ಕೊಂಡ. ಆಮೇಲೆ ನಗ್ತಾನೇ ಅಂದ, "ಮಾವ, ನಿನ್ ಲೆಕ್ಕದಲ್ಲಿ ನಂದೊಂದು ನೂರು ರೂಪಾಯಿ ಹೋಯ್ತು ನೋಡು."

ಹೌದು. ನಾಲ್ಕು ಗಂಟೆ ಮೂರಾಯ್ತು, ಅವನ 400 ಮುನ್ನೂರಾಯ್ತು. ತಿರುವು ಅಷ್ಟೇ, ಭುಜದ ನೋವು ಅಷ್ಟೇ. ಅಷ್ಟು ಹಾಳೆ ಬರೆದಿದ್ದೆ, ಇದು ಒಂದರಲ್ಲೂ ಇರಲಿಲ್ಲ. ಅಣ್ಣ ಏನೂ ಮಾತಾಡದೆ ಒಳಗೆ ಹೋಗಿ ನೂರು ರೂಪಾಯಿ ತಂದು ಅವನ ಜೇಬಿಗೆ ತುರುಕಿದ. ಚಿಕ್ಕಪ್ಪನ ಮಕ್ಕಳೂ ಕೊಟ್ರು. ಈಗ ಮೂರೂ ಮನೆಯವರು ಡ್ರೈವರ್‌ಗೆ ಗಂಟೆ ಬಿಟ್ಟು ಎಕರೆಗೆ ಇಷ್ಟು ಅಂತ ಬೇರೆಯಾಗಿ ಕೊಡ್ತಿದ್ದಾರೆ. ಎಷ್ಟು ಅಂತ ಇನ್ನೂ ಗಟ್ಟಿಯಾಗಿಲ್ಲ, ಅಣ್ಣ 70 ಅಂತಾನೆ, ಹುಡುಗ 100 ಅಂತಾನೆ. ಬರೋ ಭಾನುವಾರ ಮತ್ತೆ ಊರಿಗೆ ಹೋಗ್ತಿದ್ದೀನಿ, ಅದೇ ಪಂಚಾಯ್ತಿ.